ಬೆಳಿಗ್ಗೆ ಪ್ರೋಟೀನ್ ಬಾರ್, ರಾತ್ರಿ ಶೇಕ್: ನನ್ನ ಹೊಟ್ಟೆಯಲ್ಲಿ ಗುಡುಗು, ಅಪ್ಪನ ಶುಗರ್ ಆಕಾಶಕ್ಕೆ

ಹಾಸನದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನನಗೆ 34. ಬೆಂಗಳೂರಿನಲ್ಲಿ ಕೆಲಸ, ತೂಕ 68 ಕೆಜಿ. ಬೆಳಿಗ್ಗೆ ಏಳೂವರೆಗೆ ಕ್ಯಾಬ್ ಬರುತ್ತೆ, ತಿಂಡಿ ಮಾಡಿಕೊಳ್ಳೋಕೆ ಟೈಮ್ ಇಲ್ಲ. ಎರಡು ತಿಂಗಳಿಂದ ತಿಂಡಿ ಬದಲು ಕ್ಯಾಬಿನಲ್ಲೇ ಒಂದು ಪ್ರೋಟೀನ್ ಬಾರ್ ತಿನ್ನುತ್ತಿದ್ದೇನೆ. ರಾತ್ರಿ ಊಟದ ಬದಲು ನೀರಿಗೆ ಪುಡಿ ಕಲಸಿದ ಶೇಕ್. ಬಾರ್ ಒಂದಕ್ಕೆ 120 ರೂಪಾಯಿ. ಕವರ್ ಮೇಲೆ ದೊಡ್ಡದಾಗಿ "20 ಗ್ರಾಂ ಪ್ರೋಟೀನ್, ಶೂನ್ಯ ಸಕ್ಕರೆ" ಅಂತ ಇದೆ.

ತೊಂದರೆ ಒಂದು: ಹತ್ತು ಗಂಟೆ ಹೊತ್ತಿಗೆ ಹೊಟ್ಟೆ ಉಬ್ಬುತ್ತೆ. ಮೀಟಿಂಗಿನಲ್ಲಿ ಕೂತರೆ ಪಕ್ಕದವರಿಗೂ ಗುಡುಗು ಕೇಳಿಸುತ್ತೆ. ಎರಡು ಸಲ ಮೀಟಿಂಗ್ ಬಿಟ್ಟು ಓಡಿಹೋಗಿದ್ದೇನೆ.

ತೊಂದರೆ ಎರಡು: ಅಪ್ಪನಿಗೆ 64, ಹತ್ತು ವರ್ಷದಿಂದ ಶುಗರ್ ಇದೆ. ಕಳೆದ ತಿಂಗಳು ಊರಿಗೆ ಹೋದಾಗ ಅವರಿಗೆ ಅಂತ ಬೇರೆ ಕಂಪನಿಯ ಬಾರ್ ಒಂದು ಡಬ್ಬ ತಗೊಂಡು ಹೋದೆ. ಅದರ ಮೇಲೆ "ಸಕ್ಕರೆ ಸೇರಿಸಿಲ್ಲ" ಅಂತ ಇತ್ತು. ಸಾಯಂಕಾಲ ಕಾಫಿ ಜೊತೆ ಬಿಸ್ಕತ್ ಬದಲು ತಿನ್ನಲಿ ಅಂತ ನನ್ನ ಆಸೆ. ತಿನ್ನೋ ಮೊದಲು ಮೀಟರಿನಲ್ಲಿ 132 ಇತ್ತು. ಒಂದು ಗಂಟೆ ಬಿಟ್ಟು ನೋಡಿದರೆ 198. ಅಮ್ಮ ಏನೂ ಮಾತಾಡಲಿಲ್ಲ, ಡಬ್ಬ ಎತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟರು.

ಸಕ್ಕರೆ ಇಲ್ಲ ಅಂದಮೇಲೆ ಇದೆಲ್ಲಾ ಹೇಗೆ? ಯಾವ ಕಂಪನಿಯದು ಒಳ್ಳೇದು ಹೇಳಿ. ಇಲ್ಲಾಂದ್ರೆ ಇದನ್ನೆಲ್ಲಾ ಬಿಟ್ಟು ಮನೆ ತಿಂಡಿಗೆ ವಾಪಸ್ ಹೋಗಬೇಕಾ?

---

ಜಿಮ್ ಗಣಪ

ಗುರು, ದಪ್ಪ ಆಗ್ಬೇಕು ಅಂದ್ರೆ ಬಾರ್ ಎಲ್ಲಾ ಸಾಲಲ್ಲ. ವೇ ಪ್ರೋಟೀನ್ ಎರಡು ಸ್ಕೂಪ್, ಎರಡು ಬಾಳೆಹಣ್ಣು, ಒಂದು ಚಮಚ ಕಡಲೆಕಾಯಿ ಬೆಣ್ಣೆ. ಮೂರು ತಿಂಗಳಲ್ಲಿ ಶರ್ಟ್ ಟೈಟ್ ಆಗುತ್ತೆ.

---

ಹಾಸನದ ಹುಡುಗ

ಸರ್, ನಾನು ದಪ್ಪ ಆಗೋಕೆ ಕೇಳಿಲ್ಲ. 😀

---

ಜಿಮ್ ಗಣಪ

ಓ ಸಾರಿ, ಅರ್ಧ ಓದಿ ಬರೆದೆ. ಗ್ಯಾಸ್ ಆಗ್ತಿರೋದು ಲ್ಯಾಕ್ಟೋಸ್‌ನಿಂದ, ಅಂದ್ರೆ ಹಾಲಿನಲ್ಲಿರೋ ಸಕ್ಕರೆಯಿಂದ. ಬಾರ್‌ನಲ್ಲಿರೋದು ವೇ ಕಾನ್ಸಂಟ್ರೇಟ್, ಅದರಲ್ಲಿ ಲ್ಯಾಕ್ಟೋಸ್ ಉಳಿದಿರುತ್ತೆ. ಲ್ಯಾಕ್ಟೋಸ್ ಬಹುಪಾಲು ತೆಗೆದಿರೋ ಐಸೊಲೇಟ್ ಬಾರ್ ತಗೊಳ್ಳಿ, ಸರಿಹೋಗುತ್ತೆ. ಅಪ್ಪನಿಗೂ ಐಸೊಲೇಟ್ ಒಂದು ಸ್ಕೂಪ್ ದಿನಾ ಕೊಡಿ, ಶುಗರ್ ಏರಲ್ಲ.

---

ಮೈಸೂರು ರಮಾ

ಹಾಸನದ ಹುಡುಗ ಅವರೇ, ಎರಡೂ ಬಾರ್‌ಗಳ ಹಿಂದಿನ ಚೀಟಿಯಲ್ಲಿ ಇರೋದನ್ನು ಇಲ್ಲಿ ಟೈಪ್ ಮಾಡ್ತೀರಾ? ಮುಂದಿನ ಅಕ್ಷರ ಬೇಡ, ಹಿಂದೆ ಸಣ್ಣದಾಗಿ ಇರುತ್ತಲ್ಲ ಅದು. ನಾನು ಫುಡ್ ಟೆಕ್ನಾಲಜಿ ಓದಿದವಳು. ತಿನಿಸು ತಯಾರಿಸುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇದೇ ಬಾರ್‌ಗಳ ಅಳತೆ ಹಾಕುತ್ತಾ ಕೂತಿದ್ದೆ. ಕಂಪನಿ ಹೆಸರು ಹೇಳಬೇಡಿ, ನಂಬರ್ ಸಾಕು.

---

ಹಾಸನದ ಹುಡುಗ

ನನ್ನದು, 60 ಗ್ರಾಂ ಬಾರ್: ಶಕ್ತಿ 231 ಕ್ಯಾಲರಿ. ಪ್ರೋಟೀನ್ 20 ಗ್ರಾಂ. ಕೊಬ್ಬು 9. ಕಾರ್ಬೋಹೈಡ್ರೇಟ್ 24, ಅದರಲ್ಲಿ ಸಕ್ಕರೆ 2, ಪಾಲಿಯಾಲ್ 16. ಪದಾರ್ಥಗಳಲ್ಲಿ ಮೊದಲು ಪ್ರೋಟೀನ್ ಮಿಶ್ರಣ (ಸೋಯಾ, ವೇ), ಆಮೇಲೆ "ಸ್ವೀಟನರ್ 965". ಕೊನೆಯಲ್ಲಿ 955. ಪಾಲಿಯಾಲ್‌ನಿಂದ ಭೇದಿ ಆಗಬಹುದು ಅಂತ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ಇವತ್ತೇ ಓದಿದ್ದು!

ಅಪ್ಪನದು ಅಮ್ಮ ಫೋನಿನಲ್ಲಿ ಓದಿ ಹೇಳಿದರು. 45 ಗ್ರಾಂ ಬಾರ್. ಪ್ರೋಟೀನ್ 5 ಗ್ರಾಂ. ಕಾರ್ಬೋಹೈಡ್ರೇಟ್ 26. ಒಟ್ಟು ಸಕ್ಕರೆ 19. ಸೇರಿಸಿದ ಸಕ್ಕರೆ 0. ಮೊದಲ ಪದಾರ್ಥ ಖರ್ಜೂರ.

---

ಮೈಸೂರು ರಮಾ

ಮೊದಲು ಅಪ್ಪನ ಬಾರ್ ನೋಡೋಣ, ಅದು ಸುಲಭ.

ಪದಾರ್ಥಗಳನ್ನು ತೂಕದ ಪ್ರಕಾರ ಬರೀತಾರೆ. ಯಾವುದು ಜಾಸ್ತಿ ಇದೆಯೋ ಅದು ಮೊದಲು. ಅಂದರೆ ಆ ಬಾರ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋದು ಖರ್ಜೂರ. ಖರ್ಜೂರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಸಕ್ಕರೆಯೇ. ಡಬ್ಬದಿಂದ ಚಮಚದಲ್ಲಿ ತೆಗೆದು ಸುರಿದ ಸಕ್ಕರೆ ಅಲ್ಲ, ಹಣ್ಣಿನ ಜೊತೆ ಬಂದದ್ದು. ಅದಕ್ಕೇ "ಸೇರಿಸಿದ ಸಕ್ಕರೆ 0". ಆದರೆ ರಕ್ತಕ್ಕೆ ಹೋಗೋದು "ಒಟ್ಟು ಸಕ್ಕರೆ" ಅನ್ನೋ ಸಾಲು. 19 ಗ್ರಾಂ ಅಂದರೆ ಹತ್ತಿರ ಹತ್ತಿರ ನಾಲ್ಕು ಟೀ ಚಮಚ. ಕಾಫಿಗೆ ಸಕ್ಕರೆ ಬಿಟ್ಟ ಮನುಷ್ಯನಿಗೆ ನಾಲ್ಕು ಚಮಚ ಕೊಟ್ಟಿದ್ದೀರಿ. ಮೀಟರ್ ಸುಳ್ಳು ಹೇಳಿಲ್ಲ.

ಇನ್ನೊಂದು ವಿಷಯ. ಅದರ ಹೆಸರು ಪ್ರೋಟೀನ್ ಬಾರ್, ಒಳಗಿರೋ ಪ್ರೋಟೀನ್ 5 ಗ್ರಾಂ. ಒಂದು ಹಿಡಿ ಹುರಿದ ಕಡಲೆಕಾಯಿಯಲ್ಲಿ, 30 ಗ್ರಾಂ ಅಂದುಕೊಳ್ಳಿ, 7 ಗ್ರಾಂ ಇರುತ್ತೆ.

ನಿಮ್ಮ ಬಾರ್ ಕಥೆ ಬೇರೆ. ಅದನ್ನು ಮಾಡುವವರ ಕಡೆಯಿಂದ ಹೇಳ್ತೀನಿ.

ಸಕ್ಕರೆ ಬಾರ್‌ನಲ್ಲಿ ಎರಡು ಕೆಲಸ ಮಾಡುತ್ತೆ. ಸಿಹಿ ಕೊಡುತ್ತೆ. ಜೊತೆಗೆ ಗಾತ್ರ ಕೊಡುತ್ತೆ, ಎಲ್ಲವನ್ನೂ ಅಂಟಿಸಿ ಮೆತ್ತಗೆ ಇಡುತ್ತೆ. ಚಿಕ್ಕಿಯಲ್ಲಿ ಬೆಲ್ಲ ತೆಗೆದುಬಿಟ್ಟರೆ ಏನು ಉಳಿಯುತ್ತೆ? ಬರೀ ಕಡಲೆಕಾಯಿ. ಸಿಹಿ ಬೇಕು ಅಂದರೆ ಸುಲಭ. ನಿಮ್ಮ ಚೀಟಿಯಲ್ಲಿರೋ 955 ಅಂದರೆ ಸುಕ್ರಲೋಸ್, ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಒಂದು ಬಾರ್‌ಗೆ ಉಗುರಿನ ತುದಿಯಷ್ಟು ಸಾಕು. ಆದರೆ ಉಗುರಿನ ತುದಿಯಷ್ಟರಿಂದ 60 ಗ್ರಾಂ ಬಾರ್ ತುಂಬಲ್ಲ. ಹಾಗಾಗಿ ಸಕ್ಕರೆಯ ಗಾತ್ರ ಇರುವ, ಸಕ್ಕರೆ ಅಂತ ಬರೆಯಬೇಕಾಗಿಲ್ಲದ ಇನ್ನೊಂದು ವಸ್ತು ಬೇಕು. ಅದೇ 965, ಮಾಲ್ಟಿಟಾಲ್. ಚೀಟಿಯಲ್ಲಿ ಪಾಲಿಯಾಲ್ 16 ಅಂತ ಬರೆದಿರೋದು ಇದನ್ನೇ. ರುಚಿ ಸಕ್ಕರೆಯ ಹತ್ತಿರ ಹತ್ತಿರ. ಪಾಕ ಹಿಡಿಯುತ್ತೆ, ಬಾರ್ ಕಲ್ಲಾಗೋಕೆ ಬಿಡಲ್ಲ. ನಮ್ಮಂಥ ಅಡುಗೆಯವರಿಗೆ ಬಂಗಾರ.

ತಿನ್ನುವವರಿಗೆ? ಅದು ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣ ಆಗಲ್ಲ. ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತೆ. ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನು ಹುಳಿ ಬರಿಸುತ್ತವೆ, ಇಡ್ಲಿ ಹಿಟ್ಟು ಉಬ್ಬೋ ಹಾಗೆ. ಅದೇ ನಿಮ್ಮ ಗುಡುಗು. ಜೊತೆಗೆ ಅದು ನೀರನ್ನೂ ಎಳೆದುಕೊಳ್ಳುತ್ತೆ. ಅದೇ ನಿಮ್ಮ ಓಟ. ತಿಂದು ಎರಡು ಮೂರು ಗಂಟೆಗೆ ಶುರುವಾಗುತ್ತೆ ಅನ್ನೋದೂ ಸರಿಯಾಗಿ ಹೊಂದುತ್ತೆ. 16 ಗ್ರಾಂ ಕೆಲವರಿಗೆ ಏನೂ ಮಾಡಲ್ಲ. ಖಾಲಿ ಹೊಟ್ಟೆಯಲ್ಲಿ ಒಂದೇ ಸಲ ತಿಂದರೆ ಕೆಲವರಿಗೆ ಸಾಕೋ ಸಾಕು.

ಶೂನ್ಯ ಸಕ್ಕರೆ ಅಂದರೆ ಶೂನ್ಯ ಕ್ಯಾಲರಿ ಅಂತಾನೂ ಅಲ್ಲ. ಲೆಕ್ಕ ಹಾಕಿ ನೋಡಿ. ಪ್ರೋಟೀನ್ 20 ಗ್ರಾಂ, ನಾಲ್ಕರಿಂದ ಗುಣಿಸಿದರೆ 80. ಕೊಬ್ಬು 9, ಒಂಬತ್ತರಿಂದ ಗುಣಿಸಿದರೆ 81. ಪಾಲಿಯಾಲ್ ಬಿಟ್ಟು ಉಳಿದ ಕಾರ್ಬ್ 8 ಗ್ರಾಂ, ಅದು 32. ಅಲ್ಲಿಗೆ 193 ಆಯ್ತು. 231ಕ್ಕೆ ಉಳಿದ 38 ಎಲ್ಲಿಂದ ಬಂತು? ಮಾಲ್ಟಿಟಾಲ್‌ನಿಂದ. ಸಕ್ಕರೆಗಿಂತ ಕಡಿಮೆ, ನಿಜ. ಸೊನ್ನೆ ಅಲ್ಲ. ರಕ್ತದ ಸಕ್ಕರೆಯನ್ನೂ ಸ್ವಲ್ಪ ಏರಿಸುತ್ತೆ. ಅಪ್ಪನಿಗೆ "ಶೂನ್ಯ ಸಕ್ಕರೆ" ಅಂತ ಇದನ್ನು ಮೂರು ಮೂರು ಕೊಡಬೇಡಿ.

---

ಜಿಮ್ ಗಣಪ

ಮೇಡಂ, ಲ್ಯಾಕ್ಟೋಸ್ ಅಲ್ಲ ಅಂತ ಹೇಗೆ ಹೇಳ್ತೀರಾ? ನನಗೆ ಕಾನ್ಸಂಟ್ರೇಟ್ ಕುಡಿದಾಗ ಇದೇ ಥರ ಆಗ್ತಿತ್ತು.

---

ಮೈಸೂರು ರಮಾ

ಅಲ್ಲ ಅಂತ ಹೇಳಲಿಲ್ಲ. ಇರಬಹುದು. ಆದರೆ ಅವರ ಬಾರ್‌ನಲ್ಲಿ ಒಟ್ಟು ಸಕ್ಕರೆಯೇ 2 ಗ್ರಾಂ, ಲ್ಯಾಕ್ಟೋಸ್ ಕೂಡ ಆ ಸಾಲಿನ ಒಳಗೇ ಬರಬೇಕು. ಒಂದು ಲೋಟ ಹಾಲಿನಲ್ಲಿ ಹತ್ತು ಗ್ರಾಂ ಹತ್ತಿರ ಲ್ಯಾಕ್ಟೋಸ್ ಇರುತ್ತೆ. ಗೊತ್ತು ಮಾಡಿಕೊಳ್ಳೋಕೆ ಖರ್ಚಿಲ್ಲದ ದಾರಿ ಇದೆ. ಮೂರು ದಿನ ಬಾರ್ ಬಿಟ್ಟು ಬೆಳಿಗ್ಗೆ ಒಂದು ದೊಡ್ಡ ಲೋಟ ಹಾಲು ಕುಡೀಲಿ. ಗುಡುಗಿದರೆ ನೀವು ಗೆದ್ದಿರಿ. ಗುಡುಗದಿದ್ದರೆ ಊಟ ಆದಮೇಲೆ ಅರ್ಧ ಬಾರ್ ತಿನ್ನಲಿ, ಇನ್ನೊಂದು ದಿನ ಖಾಲಿ ಹೊಟ್ಟೆಗೆ ಪೂರ್ತಿ ತಿನ್ನಲಿ.

ಅಪ್ಪನಿಗೆ ದಿನಾ ಒಂದು ಸ್ಕೂಪ್ ಅಂದಿರಲ್ಲ, ಅದು ಮಾತ್ರ ಬೇಡ. ಹತ್ತು ವರ್ಷದ ಶುಗರ್ ಇರುವವರಿಗೆ ಕಿಡ್ನಿ ಹೇಗಿದೆ ಅಂತ ಮೊದಲು ತಿಳಿಯಬೇಕು. ಕ್ರಿಯಾಟಿನಿನ್ ರಿಪೋರ್ಟ್ ನೋಡಿ, ಡಾಕ್ಟರ್ ಹೇಳಿದ ಮೇಲೆ ಪುಡಿ.

---

ಪುತ್ತೂರು ಭಟ್ರು

ಇದೆಲ್ಲಾ ರಾಸಾಯನಿಕ ಮಾರಾಯ್ರೆ. ನಂಬರ್ ಇರೋದೆಲ್ಲಾ ಕ್ಯಾನ್ಸರ್. ಸಿಹಿ ಬೇಕಂದ್ರೆ ಬೆಲ್ಲ ಇದೆ, ಜೇನು ಇದೆ. ನಮ್ಮಜ್ಜ 92 ವರ್ಷ ಬೆಲ್ಲದ ಕಾಫಿ ಕುಡಿದವರು.

---

ಮೈಸೂರು ರಮಾ

ಭಟ್ರೇ, ನಂಬರ್ ಇರೋದೆಲ್ಲಾ ಕೆಟ್ಟದ್ದಾದರೆ ವಿಟಮಿನ್ ಸಿ ಕೂಡ ಕೆಟ್ಟದ್ದೇ, ಅದಕ್ಕೂ 300 ಅಂತ ನಂಬರ್ ಇದೆ. ನೀವು ಹೇಳ್ತಿರೋದು ಬಹುಶಃ 951, ಆಸ್ಪಾರ್ಟೇಮ್. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು "ಕ್ಯಾನ್ಸರ್ ತರಬಹುದಾದ ಸಾಧ್ಯತೆ" ಗುಂಪಿಗೆ ಸೇರಿಸಿತು. ಅದೇ ದಿನ ಇನ್ನೊಂದು ಸಮಿತಿ ದಿನಕ್ಕೆ ಕೆಜಿ ತೂಕಕ್ಕೆ 40 ಮಿಲಿಗ್ರಾಂ ಅನ್ನೋ ಹಳೇ ಮಿತಿಯನ್ನು ಹಾಗೇ ಇಟ್ಟಿತು. ಪೇಪರಿನಲ್ಲಿ ಮೊದಲನೇದು ಮಾತ್ರ ದೊಡ್ಡದಾಗಿ ಬಂತು.

ಆದರೆ ನಿಮ್ಮ ಮಾತಿನಲ್ಲಿ ಅರ್ಧ ಸತ್ಯ ಇದೆ. ಅದೇ ವರ್ಷ ಮೇ ತಿಂಗಳಲ್ಲಿ ಅದೇ ಸಂಸ್ಥೆ, ತೂಕ ಇಳಿಸೋಕೆ ಅಂತ ಸುಕ್ರಲೋಸ್, ಸ್ಟೀವಿಯಾ ಥರದ ಸಿಹಿಕಾರಕ ನಂಬಿಕೊಳ್ಳಬೇಡಿ ಅಂದಿತು. ದೀರ್ಘಕಾಲದಲ್ಲಿ ಲಾಭ ಕಾಣಲಿಲ್ಲ ಅಂತ. ಈಗಾಗಲೇ ಶುಗರ್ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದ್ದಾರೆ. ಮಾಲ್ಟಿಟಾಲ್ ಥರದವು ಆ ಪಟ್ಟಿಯಲ್ಲೇ ಇಲ್ಲ.

ಬೆಲ್ಲದಲ್ಲಿ ಸಕ್ಕರೆ ಅಂಶ ಸಕ್ಕರೆಗಿಂತ ಸ್ವಲ್ಪ ಮಾತ್ರ ಕಡಿಮೆ. ನಿಮ್ಮಜ್ಜ ಎಷ್ಟು ಕಿಲೋಮೀಟರ್ ತೋಟ ಸುತ್ತುತ್ತಿದ್ದರು, ಅದನ್ನೂ ಬರೀರಿ.

---

ಪುತ್ತೂರು ಭಟ್ರು

ತೋಟ ಎರಡು ಗುಡ್ಡ ದಾಟಿ ಇತ್ತು. ಅದು ಸರಿ. ಆದರೂ ಬೆಲ್ಲದಲ್ಲಿ ಕಬ್ಬಿಣ ಉಂಟಲ್ಲ?

---

ಸರೋಜಾ ಟೀಚರ್

ಭಟ್ಟರೇ, ಕಬ್ಬಿಣಕ್ಕಾಗಿ ಬೆಲ್ಲ ತಿನ್ನೋಕೆ ಹೋದರೆ ಕಬ್ಬಿಣ ಬರೋದಕ್ಕೆ ಮುಂಚೆ ಶುಗರ್ ಬರುತ್ತೆ. 😀

ಮಗಾ ಹಾಸನದ ಹುಡುಗ, ನೀನು ನನ್ನ ಮಗನ ವಯಸ್ಸಿನವನು, ಏಕವಚನದಲ್ಲಿ ಬರೀತೀನಿ. ನಿನ್ನ ಶೇಕ್ ವಿಷಯ ಯಾರೂ ಮಾತಾಡಲಿಲ್ಲ. ನಮ್ಮ ತುಮಕೂರು ಕಡೆ ಈ ಶೇಕ್ ನೂರಾರು ವರ್ಷದಿಂದ ಇದೆ, ಹುರಿಹಿಟ್ಟು ಅಂತಾರೆ. ರಾಗಿಗೆ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಟ್ಟೆಯಲ್ಲಿ ಕಟ್ಟಿಟ್ಟು, ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಿದರೆ ಪಟಪಟ ಅಂತ ಅರಳುತ್ತೆ. ಬಿಳೀ ಹೂವಿನ ಹಾಗೆ. ಬಾಣಲೆ ಕಾಯೋದು ಸಾಲದಿದ್ದರೆ ಅರಳಲ್ಲ, ಸುಮ್ನೆ ಕರಕಲಾಗುತ್ತೆ. ಅರಳಿದ್ದನ್ನು ಬೀಸಿ, ಅದಕ್ಕೆ ಹುರಿಗಡಲೆ ಪುಡಿ, ಏಲಕ್ಕಿ. ಡಬ್ಬಕ್ಕೆ ತುಂಬಿಟ್ಟರೆ ಒಂದು ತಿಂಗಳು ಯೋಚನೆ ಇಲ್ಲ. ಬಿಸಿ ಹಾಲಿಗೆ ನಾಲ್ಕು ಚಮಚ ಕಲಸಿದರೆ ಆಯ್ತು, ಬೇಯಿಸೋ ಕೆಲಸವೇ ಇಲ್ಲ. ಎರಡು ನಿಮಿಷ.

---

ಹಾಸನದ ಹುಡುಗ

ಟೀಚರ್, ಅಜ್ಜಿ ಮಾಡ್ತಿದ್ದರು! ಮರೆತೇ ಹೋಗಿತ್ತು. ರಮಾ ಮೇಡಂ, ಇದರಲ್ಲಿ ಪ್ರೋಟೀನ್ ಎಷ್ಟು ಬರುತ್ತೆ? ನನ್ನ ಶೇಕ್‌ನಲ್ಲಿ ಒಂದು ಸಲಕ್ಕೆ 15 ಗ್ರಾಂ, 200 ಕ್ಯಾಲರಿ ಅಂತ ಇದೆ.

---

ಮೈಸೂರು ರಮಾ

ಟೀಚರ್ ಅಳತೆ ಹಿಡಿದು ನೋಡೋಣ. ರಾಗಿ ಹುರಿಹಿಟ್ಟು 30 ಗ್ರಾಂ: ಪ್ರೋಟೀನ್ 2 ಗ್ರಾಂ ಅಷ್ಟೆ. ರಾಗಿಯಲ್ಲಿ ಸುಣ್ಣದಂಶ ಜಾಸ್ತಿ, ಪ್ರೋಟೀನ್ ಕಡಿಮೆ. ಹುರಿಗಡಲೆ ಪುಡಿ 15 ಗ್ರಾಂ: 3 ಗ್ರಾಂ. ಹಾಲು ಒಂದು ಲೋಟ, 200 ಮಿಲಿ: 6 ಗ್ರಾಂಗೂ ಮೇಲೆ. ಒಟ್ಟು 11. ಹುರಿಗಡಲೆ 30 ಗ್ರಾಂ ಮಾಡಿದರೆ 14, ನಿಮ್ಮ ಶೇಕ್‌ಗೆ ಸಮ ಸಮ. ಕ್ಯಾಲರಿ ಮಾತ್ರ ಜಾಸ್ತಿ, 300ರ ಆಚೆ ಹೋಗುತ್ತೆ. ಆದರೆ ನಿಮಗೆ ತೂಕ ಇಳಿಸೋದು ಬೇಕಾಗೇ ಇಲ್ಲವಲ್ಲ? ರಾತ್ರಿ ಊಟಕ್ಕೆ 200 ಕ್ಯಾಲರಿ ಅಂದರೆ ಎರಡು ಚಪಾತಿಯಷ್ಟು. ಒಂದು ಪ್ರಶ್ನೆ ಕೇಳ್ತೀನಿ, ನಿಜ ಹೇಳಿ. ಶೇಕ್ ಕುಡಿದ ಮೇಲೆ ಹತ್ತೂವರೆಗೆ ಏನು ತಿನ್ನುತ್ತೀರಿ?

ಟೀಚರ್‌ಗೆ ಒಂದು ಮಾತು. ಅರಳಿಸಿ ಬೀಸಿದ ಹಿಟ್ಟು ಮುದ್ದೆಗಿಂತ ಬೇಗ ಜೀರ್ಣ ಆಗುತ್ತೆ. ಮೊಳಕೆ ಕಟ್ಟಿದ ರಾಗಿ ಹಿಟ್ಟು ಇನ್ನೂ ಬೇಗ, ಮೊಳಕೆ ಬರುವಾಗ ಪಿಷ್ಟ ಒಡೆದು ಸಕ್ಕರೆ ಆಗುತ್ತೆ, ಅದಕ್ಕೇ ಅದರ ಗಂಜಿ ಬೆಲ್ಲ ಹಾಕದೇ ಸಿಹಿ ಇರುತ್ತೆ. ಮಗುವಿಗೆ ಒಳ್ಳೇದು. ಶುಗರ್ ಇರುವ ಅಪ್ಪನಿಗೆ ಅದು ಬೇಡ.

---

ಹಾಸನದ ಹುಡುಗ

ಹತ್ತೂವರೆಗೆ ಖಾರದ ಮಿಕ್ಸ್ಚರ್. 🙈 ಡಬ್ಬ ಹಾಸಿಗೆ ಪಕ್ಕದಲ್ಲೇ ಇದೆ.

---

ಮ್ಯಾಂಚೆಸ್ಟರ್ ಕಾವೇರಿ

ಶೇಕ್ ಎಲ್ಲಾ ವೇಸ್ಟ್ ಅನ್ನೋ ಹಾಗೆ ಆಯ್ತು ಮಾತು, ಅದಕ್ಕೆ ನಮ್ಮ ಮನೆ ಕಥೆ ಹೇಳ್ತೀನಿ. ನಾವು ಹತ್ತು ವರ್ಷದಿಂದ ಇಂಗ್ಲೆಂಡಿನಲ್ಲಿದ್ದೇವೆ. ನಮ್ಮೆಜಮಾನ್ರಿಗೆ ಎರಡು ವರ್ಷದ ಹಿಂದೆ ಶುಗರ್ ಅಂತ ಗೊತ್ತಾಯ್ತು. ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಲ್ಲೇ ಒಂದು ಕಾರ್ಯಕ್ರಮ ಇದೆ. ಮೂರು ತಿಂಗಳು ಊಟವೇ ಇಲ್ಲ, ದಿನಕ್ಕೆ ಸುಮಾರು 800-900 ಕ್ಯಾಲರಿಯ ಸೂಪ್ ಮತ್ತು ಶೇಕ್ ಮಾತ್ರ. ಸ್ಕಾಟ್ಲೆಂಡ್ ಮತ್ತು ಟೈನ್‌ಸೈಡ್‌ನಲ್ಲಿ ನಡೆದ ಡೈರೆಕ್ಟ್ ಅನ್ನೋ ಪ್ರಯೋಗ ಆದಮೇಲೆ ಶುರುವಾಗಿದ್ದು ಇದು. ಅದರ ಫಲಿತಾಂಶ 2017ರಲ್ಲಿ ಬಂತು. ಒಂದು ವರ್ಷಕ್ಕೆ ನೂರಕ್ಕೆ 46 ಜನರಿಗೆ ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ಬಂದಿತ್ತು.

ನಮ್ಮವರಿಗೂ ಬಂತು. ಆದರೆ ಮೊದಲ ದಿನವೇ ಶುಗರ್ ಮಾತ್ರೆ ನಿಲ್ಲಿಸಿದ್ದರು, ವಾರ ವಾರ ಫೋನ್ ಮಾಡಿ ಬಿಪಿ, ತೂಕ ಕೇಳುತ್ತಿದ್ದರು. ಮಾತ್ರೆ ನುಂಗಿಕೊಂಡು 800 ಕ್ಯಾಲರಿಗೆ ಇಳಿದರೆ ಶುಗರ್ ತೀರಾ ಬಿದ್ದುಹೋಗಬಹುದು ಅಂತ ಹೇಳಿದ್ದರು. ಮನೆಯಲ್ಲಿ ಬಿಸಿಬೇಳೆಭಾತ್ ವಾಸನೆ ಬಂದರೆ ಅವರು ಹೊರಗೆ ವಾಕಿಂಗ್ ಹೋಗಿಬಿಡೋರು. ಕಷ್ಟದ ಭಾಗ ಶೇಕ್ ಕುಡಿಯೋದಲ್ಲ. ಹದಿಮೂರನೇ ವಾರ ಮತ್ತೆ ಅನ್ನ ಶುರು ಮಾಡೋದು.

---

ಪುತ್ತೂರು ಭಟ್ರು

ಹಾಗಾದ್ರೆ ಇವರಪ್ಪನಿಗೂ ಅದನ್ನೇ ಮಾಡಿಸಬಹುದಲ್ಲ?

---

ಮ್ಯಾಂಚೆಸ್ಟರ್ ಕಾವೇರಿ

ಅಣ್ಣಾ, ಆ ಪ್ರಯೋಗಕ್ಕೆ ಶುಗರ್ ಬಂದು ಆರು ವರ್ಷ ದಾಟದವರನ್ನು ಮಾತ್ರ ತಗೊಂಡಿದ್ದರು, ತೂಕ ಜಾಸ್ತಿ ಇರುವವರನ್ನೇ. ಇವರಪ್ಪನಿಗೆ ಹತ್ತು ವರ್ಷ. ಡಾಕ್ಟರ್ ಇಲ್ಲದೆ ಬೇಡವೇ ಬೇಡ.

---

ಮೈಸೂರು ರಮಾ

ಕಾವೇರಿ ಅವರು ಹೇಳಿದ್ದು ಮುಖ್ಯ. ಅಲ್ಲಿ ಶೇಕ್ ಒಂದು ಔಷಧಿ ಥರ, ಅಳತೆ ಇದೆ, ಶುರು ಇದೆ, ಕೊನೆ ಇದೆ, ನೋಡಿಕೊಳ್ಳುವವರಿದ್ದಾರೆ. ಹಲ್ಲು ತೆಗೆಸಿ ಅಗಿಯೋಕೆ ಆಗದವರಿಗೆ, ಆಪರೇಷನ್ ಆದ ವಯಸ್ಸಾದವರಿಗೆ ಕೂಡ ಶೇಕ್ ಕೊಟ್ಟು ಒಳ್ಳೇದಾಗಿದ್ದನ್ನು ನೋಡಿದ್ದೇನೆ. ಹಾಸನದ ಹುಡುಗನ ಶೇಕ್ ಆ ಜಾತಿಯದ್ದಲ್ಲ. ಅದು ಶೇಕ್ ಜೊತೆಗೆ ಮಿಕ್ಸ್ಚರ್.

ಈಗ ಮನೆ ಊಟದ ವಿಷಯ. ಇದರಲ್ಲಿ ನನ್ನ ಮಾತು ಕೆಲವರಿಗೆ ಹಿಡಿಸಲ್ಲ. ಮನೆ ಊಟ ಅಂದ ತಕ್ಷಣ ಪೌಷ್ಟಿಕ ಅಂತ ಅಲ್ಲ. ಟೀಚರ್, ನಿಮ್ಮನೆಯಲ್ಲಿ ನಾಲ್ಕು ಜನಕ್ಕೆ ಸಾರು ಮಾಡೋಕೆ ಎಷ್ಟು ತೊಗರಿಬೇಳೆ ಹಾಕ್ತೀರಿ?

---

ಸರೋಜಾ ಟೀಚರ್

ತಿಳಿಸಾರಿಗಾದರೆ ಒಂದು ಹಿಡಿ. ಹುಳಿಗಾದರೆ ಒಂದು ಪಾವು ಬೇಳೆ.

---

ಮೈಸೂರು ರಮಾ

ಒಂದು ಹಿಡಿ ಅಂದರೆ 50 ಗ್ರಾಂ ಇಟ್ಟುಕೊಳ್ಳೋಣ. ತೊಗರಿಬೇಳೆ 100 ಗ್ರಾಂಗೆ ಪ್ರೋಟೀನ್ 22 ಗ್ರಾಂ, ಅಂದರೆ ಒಂದು ಹಿಡಿಗೆ 11. ನಾಲ್ಕು ಜನಕ್ಕೆ ಹಂಚಿದರೆ ತಲಾ ಮೂರು ಗ್ರಾಂ ಕೂಡ ಇಲ್ಲ. ಮೇಲಿನ ತಿಳಿ ಮಾತ್ರ ಬಡಿಸಿಕೊಂಡರೆ ಇನ್ನೂ ಕಡಿಮೆ. ತಟ್ಟೆ ತುಂಬಾ ಅನ್ನ, ಮೇಲೆ ತಿಳಿಸಾರು, ಪಕ್ಕದಲ್ಲಿ ಹಪ್ಪಳ. ಇದು ಮನೆ ಊಟವೇ, ರುಚಿಗೆ ಎರಡು ಮಾತಿಲ್ಲ. ಪ್ರೋಟೀನ್ ಲೆಕ್ಕದಲ್ಲಿ ಸೋತಿದೆ. ಹೈದರಾಬಾದಿನ ಪೌಷ್ಟಿಕತೆ ಸಂಸ್ಥೆಯ 2020ರ ಲೆಕ್ಕದಲ್ಲಿ ಕೆಜಿಗೆ ದಿನಕ್ಕೆ 0.83 ಗ್ರಾಂ. 68 ಕೆಜಿಯವರಿಗೆ 56 ಗ್ರಾಂ. ಅದೇ ಸಂಸ್ಥೆ 2024ರಲ್ಲಿ ಪ್ರೋಟೀನ್ ಪುಡಿ ಬೇಡ, ಊಟದಲ್ಲೇ ತಗೊಳ್ಳಿ ಅಂತ ಹೇಳಿತು. ಸರಿ, ಆದರೆ ಊಟದಲ್ಲಿ ಬೇಳೆ ಇರಬೇಕಲ್ಲ!

ಬೆಳಿಗ್ಗೆ ತಿಂಡಿಗೂ ಇದೇ ಮಾತು. ಬರೀ ಉಪ್ಪಿಟ್ಟು, ಚಿತ್ರಾನ್ನಕ್ಕಿಂತ ನಿಮ್ಮ ಬಾರ್ ಪ್ರೋಟೀನ್‌ನಲ್ಲಿ ಮುಂದೆಯೇ ಇದೆ. ಅದಕ್ಕೇ ವಾಪಸ್ ಹೋಗೋದಾದರೆ ಯಾವ ತಿಂಡಿಗೆ ಅಂತ ನೋಡಿ. ಹೆಸರುಕಾಳು ಒಂದು ಹಿಡಿ, 50 ಗ್ರಾಂ, ರಾತ್ರಿ ನೆನೆಹಾಕಿ. ಬೆಳಿಗ್ಗೆ ಕುಕ್ಕರಿನಲ್ಲಿ ಎರಡು ವಿಷಲ್. ಸಾಸಿವೆ, ಒಣಮೆಣಸಿನಕಾಯಿ, ಕರಿಬೇವು ಒಗ್ಗರಣೆ, ಮೇಲೆ ಕಾಯಿತುರಿ, ನಿಂಬೆಹುಳಿ. 12 ಗ್ರಾಂ ಪ್ರೋಟೀನ್ ಬಂತು. ಜೊತೆಗೆ ಬೇಯಿಸಿದ ಮೊಟ್ಟೆ ಎರಡು, ಇನ್ನೊಂದು 12. ಮೊಟ್ಟೆ ತಿನ್ನದಿದ್ದರೆ ಒಂದು ದೊಡ್ಡ ಬಟ್ಟಲು ಗಟ್ಟಿ ಮೊಸರು ಮತ್ತು ಒಂದು ಹಿಡಿ ಕಡಲೆಕಾಯಿ, ಅದೂ 12ರ ಹತ್ತಿರ ಬರುತ್ತೆ. ಖರ್ಚು ಬಾರ್‌ನ ಕಾಲು ಭಾಗ. ಮೊದಲ ವಾರ ಕಾಳಿನಿಂದಲೂ ಸ್ವಲ್ಪ ಗ್ಯಾಸ್ ಆಗುತ್ತೆ, ಈಗಲೇ ಹೇಳಿಬಿಡ್ತೀನಿ. ನೆನೆಸಿದ ನೀರು ಚೆಲ್ಲಿ ಬೇರೆ ನೀರಿನಲ್ಲಿ ಬೇಯಿಸಿದರೆ ಕಡಿಮೆ.

---

ಸರೋಜಾ ಟೀಚರ್

ನೀವು ಹೇಳಿದ ಮೇಲೆ ನಿನ್ನೆ ಬೇಳೆ ತೂಗಿದೆ ರಮಾ. ನನ್ನ ಹಿಡಿ 38 ಗ್ರಾಂ ಅಷ್ಟೇ! ಮೂವತ್ತು ವರ್ಷ ಸಂಸಾರ ಮಾಡಿದೆ, ಇದು ಗೊತ್ತಿರಲಿಲ್ಲ.

---

ಐಟಿ ಅಮ್ಮ

ನಾನು ಸ್ವಲ್ಪ ಜಗಳ ಆಡೋಕೆ ಬಂದೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರ್ ಇಡಿ, ಒಗ್ಗರಣೆ ಹಾಕಿ. ಹೇಳೋದು ಸುಲಭ. ನನಗೆ ಎರಡು ಮಕ್ಕಳು, ಡಬ್ಬಿ ಮೂರು. ಎಲ್ಲರದ್ದೂ ಆಗಿ ನನ್ನ ಸರದಿ ಬರೋವಾಗ ಎಂಟು ಗಂಟೆ. ಬಾರ್ ಇಲ್ಲಾಂದ್ರೆ ನಾನು ತಿನ್ನೋದು ಉಸ್ಲಿ ಅಲ್ಲ, ಎರಡು ಟೀ ಬಿಸ್ಕತ್. ಮನೆ ಊಟ ಒಳ್ಳೇದು ಅನ್ನುವವರು ಅದನ್ನು ಯಾರು ಮಾಡ್ತಾರೆ ಅನ್ನೋದನ್ನೂ ಹೇಳಲಿ.

---

ಮೈಸೂರು ರಮಾ

ಒಪ್ಪಿದೆ. ಬಿಸ್ಕತ್ತಿನ ಎದುರು ಬಾರ್ ಇಟ್ಟರೆ ನಾನೂ ಬಾರ್ ಕಡೆಗೇ. ಕೊಳ್ಳುವಾಗ ನಾನು ಮೂರೇ ಕಡೆ ಕಣ್ಣು ಹಾಯಿಸ್ತೀನಿ: ಒಟ್ಟು ಸಕ್ಕರೆ, ಪಾಲಿಯಾಲ್, ಮತ್ತೆ ಮೊದಲ ಪದಾರ್ಥ ಏನು ಅಂತ. ಹಾಗೇ ಪ್ರೋಟೀನ್ ಎಲ್ಲಿಂದ ಬಂದಿದೆ ನೋಡಿ. ಕಾಲಜನ್ ಅಂತ ಮೊದಲಿದ್ದರೆ ನಾನು ಕೆಳಗಿಡ್ತೀನಿ, ಅದರಲ್ಲಿ ದೇಹಕ್ಕೆ ಬೇಕೇ ಬೇಕಾದ ಒಂದು ಅಮೈನೋ ಆಮ್ಲ ಇಲ್ಲವೇ ಇಲ್ಲ. ಗ್ರಾಂ ಲೆಕ್ಕಕ್ಕೆ ಮಾತ್ರ ಬರುತ್ತೆ.

ಯಾರು ಮಾಡ್ತಾರೆ ಅನ್ನೋ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮನೆಯಲ್ಲೂ ಅದು ಬಗೆಹರಿದಿಲ್ಲ.

---

ಹಾಸನದ ಹುಡುಗ

ಹತ್ತು ದಿನ ಆಯ್ತು, ವರದಿ ಕೊಡ್ತೀನಿ.

ಮೂರು ದಿನ ಬೆಳಿಗ್ಗೆ ಹಾಲು ಕುಡಿದೆ. ಏನೂ ಆಗಲಿಲ್ಲ. ಗಣಪ ಸರ್, ಕ್ಷಮಿಸಿ. ಮಧ್ಯಾಹ್ನ ಊಟ ಆದಮೇಲೆ ಅರ್ಧ ಬಾರ್ ತಿಂದೆ, ಸ್ವಲ್ಪ ಉಬ್ಬರ, ಅಷ್ಟೇ. ಶನಿವಾರ ಖಾಲಿ ಹೊಟ್ಟೆಗೆ ಪೂರ್ತಿ ತಿಂದೆ. ಮನೆಯಲ್ಲೇ ಇದ್ದೆ, ಒಳ್ಳೇದಾಯ್ತು.

ಉಸ್ಲಿ ವಾರಕ್ಕೆ ನಾಲ್ಕು ದಿನ ಆಗ್ತಿದೆ. ಬುಧವಾರ ಕಾಳು ನೆನೆಹಾಕೋದು ಮರೆತೆ, ಅವತ್ತು ಬಾರ್. ಉಸ್ಲಿ ತಿಂದ ದಿನ ಒಂದು ಗಂಟೆ ತನಕ ಹಸಿವಿಲ್ಲ. ರಾತ್ರಿ ಶೇಕ್ ನಿಲ್ಲಿಸಿದೆ, ಎರಡು ಚಪಾತಿ ಪಲ್ಯ ತಿಂತಿದ್ದೇನೆ. ಮಿಕ್ಸ್ಚರ್ ಡಬ್ಬ ಇನ್ನೂ ಅಲ್ಲೇ ಇದೆ, ಆದರೆ ನಿಧಾನಕ್ಕೆ ಖಾಲಿ ಆಗ್ತಿದೆ.

ಅಪ್ಪನಿಗೆ ಸಾಯಂಕಾಲ ಒಂದು ಹಿಡಿ ಹುರಿದ ಕಡಲೆಕಾಯಿ, ಸಕ್ಕರೆ ಇಲ್ಲದ ಕಾಫಿ. ಮೊದಲು 128, ಒಂದು ಗಂಟೆ ಬಿಟ್ಟು 137. ಅಮ್ಮ ಈಗ ಫೋನ್ ಮಾಡಿದಾಗಲೆಲ್ಲಾ ನಂಬರ್ ಓದಿ ಹೇಳ್ತಾರೆ, ಕ್ರಿಕೆಟ್ ಸ್ಕೋರ್ ಥರ.

---

ಮೈಸೂರು ರಮಾ

ಒಳ್ಳೇದಾಯ್ತು. ಒಂದು ದಿನದ ಅಳತೆ ಮೇಲೆ ತೀರ್ಪು ಬೇಡ, ಮನೆ ಮೀಟರಿನಲ್ಲಿ ಹತ್ತು ಹದಿನೈದು ಅಂಕಿ ಹೆಚ್ಚುಕಮ್ಮಿ ಆಗುತ್ತೆ. ಆದರೆ 66 ಏರಿದ್ದಕ್ಕೂ 9 ಏರಿದ್ದಕ್ಕೂ ಇರೋ ಅಂತರ ಮೀಟರಿನ ತಪ್ಪಲ್ಲ. ಇನ್ನೂ ಎರಡು ಮೂರು ದಿನ ಅದೇ ಹೊತ್ತಿಗೆ ನೋಡಿಸಿ.

---

ಐಟಿ ಅಮ್ಮ

ರಮಾ ಅವರೇ, ನನ್ನ ಬಾರ್ ತಿರುಗಿಸಿ ನೋಡಿದೆ. 965 ಇಲ್ಲ, 968 ಇದೆ. ಗ್ಯಾಸ್ ಕೂಡ ಆಗ್ತಿಲ್ಲ. ಹಾಗಾದ್ರೆ ಇದು ಸರಿನಾ?

---

ಮೈಸೂರು ರಮಾ

968 ಅಂದರೆ ಎರಿಥ್ರಿಟಾಲ್. ಅದರಲ್ಲಿ ಬಹುಪಾಲು ಸಣ್ಣ ಕರುಳಿನಲ್ಲೇ ರಕ್ತಕ್ಕೆ ಹೋಗಿ ಮೂತ್ರದಲ್ಲಿ ಹೊರಗೆ ಬರುತ್ತೆ. ದೊಡ್ಡ ಕರುಳಿಗೆ ಇಳಿಯೋದು ಕಡಿಮೆ, ಅದಕ್ಕೇ ಗ್ಯಾಸ್ ಇಲ್ಲ. ರಕ್ತದ ಸಕ್ಕರೆಯನ್ನೂ ಏರಿಸಲ್ಲ. ಆದರೆ 2023ರಲ್ಲಿ ಒಂದು ಅಧ್ಯಯನ ಬಂತು, ರಕ್ತದಲ್ಲಿ ಇದು ಜಾಸ್ತಿ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಜಾಸ್ತಿ ಕಂಡಿದೆ ಅಂತ. ದೇಹ ತಾನೇ ಇದನ್ನು ಸ್ವಲ್ಪ ತಯಾರಿಸುತ್ತೆ. ಹಾಗಾಗಿ ತಿಂದದ್ದರಿಂದ ಆಯ್ತಾ, ಕಾಯಿಲೆ ಇರುವ ದೇಹವೇ ಜಾಸ್ತಿ ಮಾಡಿಕೊಂಡಿತಾ ಅನ್ನೋ ವಾದ ನಡೀತಿದೆ. ನಾನಾದರೆ ವಾರಕ್ಕೆ ಎರಡು ತಿಂತೀನಿ, ದಿನಾ ತಿನ್ನಲ್ಲ. ಇದು ನನ್ನ ಅಂದಾಜು, ತೀರ್ಪಲ್ಲ.

---

ಜಿಮ್ ಗಣಪ

ಹಾಸನದ ಹುಡುಗ, ಅಟ್ಟದ ಮೇಲಿರೋ ಡಬ್ಬ ಏನಾಯ್ತು? ನನಗೆ ಕಳಿಸಿ ಗುರು, ವರ್ಕೌಟ್ ಮುಂಚೆ ಖರ್ಜೂರ ನನಗೆ ಓಕೆ.

---

ಹಾಸನದ ಹುಡುಗ

ತಡ ಆಯ್ತು ಸರ್. ಪಕ್ಕದ ಮನೆ ಹುಡುಗರು ಕ್ರಿಕೆಟ್ ಆಡಿ ಬಂದಾಗ ಅಮ್ಮ ಹಂಚಿಬಿಟ್ಟಿದ್ದಾರೆ. ನನ್ನ ಮಾಲ್ಟಿಟಾಲ್ ಬಾರ್ ಇನ್ನೂ ಆರು ಇವೆ. ಅವು ಬೇಕಾ?

---

ಜಿಮ್ ಗಣಪ

ನಾಳೆ ಆಫೀಸಿನಲ್ಲಿ ಮೀಟಿಂಗ್ ಇದೆ. ಬೇಡ.